ಬಾಮ್ ಹಚ್ಚಿದಷ್ಟೂ ತುಟಿ ಸುಲಿಯುತ್ತೆ, ಏನ್ ಮಾಡ್ಲಿ?

"ಜೇಬಲ್ಲಿ ಯಾವಾಗ್ಲೂ ಲಿಪ್ ಬಾಮ್ ಇರುತ್ತೆ. ಹಚ್ಚಿದ ಸ್ವಲ್ಪ ಹೊತ್ತಿಗೇ ತುಟಿ ಮತ್ತೆ ಬಿಗಿಯುತ್ತೆ, ಸಿಪ್ಪೆ ಏಳುತ್ತೆ. ಈಗ ಅಂಚೂ ಕಪ್ಪಾಗ್ತಿದೆ. ಹೀಗಾಗಿ ವಾಸಿಯಾದೋರು ಯಾರಾದ್ರೂ ಇದ್ದೀರಾ?"

ರಾಘು: ಸಕ್ಕರೆ ಹಾಕಿ ಮೆಲ್ಲಗೆ ಉಜ್ಜಿ, ಸಿಪ್ಪೆ ಹೋಗುತ್ತೆ. ಮೇಲೆ ನಿಂಬೆರಸ ಹಚ್ಚಿದ್ರೆ ಕಪ್ಪೂ ಹೋಗುತ್ತೆ. ರಾತ್ರಿ ಬರೀ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ಮಲಗಿ.

ವೀಣಾ: ರಾಘು ಹೇಳಿದ್ರಲ್ಲಿ ಜೆಲ್ಲಿ ಸರಿ, ಉಳಿದೆರಡು ದಯವಿಟ್ಟು ಬೇಡ. ಸುಲಿದ ತುಟಿಗೆ ಹುಳಿ ಬಿದ್ರೆ ಉರಿಯುತ್ತೆ, ಉರಿದ ಜಾಗವೇ ಆಮೇಲೆ ಕಪ್ಪಾಗೋದು.

ಮೊದಲು ಬಾಮಿನ ಹಿಂದೆ ಬರೆದಿರೋದನ್ನ ಓದಿ. ಮೆಂಥಾಲ್, ಕರ್ಪೂರ, ಫ್ಲೇವರ್, ಸುಗಂಧ ಅಂತ ಇದ್ರೆ ಅನುಮಾನ ಅಲ್ಲೇ. ತಣ್ಣಗೆ ಚುರುಗುಟ್ಟಿದ್ರೆ ಕೆಲಸ ಮಾಡ್ತಿದೆ ಅನ್ಸುತ್ತೆ, ನಿಜಕ್ಕೂ ಅದು ತುಟಿಗೆ ಕಿರಿಕಿರಿ. ನನ್ನ ತಂಗಿ ಒಂದಾದ ಮೇಲೊಂದು ಬಾಮ್ ಬದಲಾಯಿಸಿದ್ಲು, ಎಲ್ಲದರಲ್ಲೂ ಪುದೀನದ್ದೇ ಪರಿಮಳ. ಚರ್ಮದ ಡಾಕ್ಟ್ರು ಪ್ಯಾಚ್ ಟೆಸ್ಟ್ ಮಾಡಿಸಿದಾಗ ಅದಕ್ಕೇ ಅಲರ್ಜಿ ಅಂತ ಗೊತ್ತಾಯ್ತು. ಬಾಮ್ ಬಿಟ್ರೂ ಪೂರ್ತಿ ವಾಸಿಯಾಗ್ಲಿಲ್ಲ, ಯಾಕಂದ್ರೆ ಟೂತ್‌ಪೇಸ್ಟಲ್ಲೂ ಅದೇ ಇತ್ತು! ಫ್ಲೇವರ್ ಇಲ್ಲದ ಪೇಸ್ಟಿಗೆ ಬಂದ ಮೇಲೆ ಕೆಲವೇ ವಾರದಲ್ಲಿ ಸುಲಿಯೋದು ನಿಂತಿತು. ಕಪ್ಪು ತಿಳಿಯಾಗೋಕೆ ಮಾತ್ರ ತಿಂಗಳುಗಳೇ ಹಿಡಿದ್ವು.

ಹಾಗಾಗಿ 2-3 ವಾರ ಬಾಮ್, ಲಿಪ್‌ಸ್ಟಿಕ್ ಎಲ್ಲಾ ಬಿಟ್ಟು ಸುವಾಸನೆಯಿಲ್ಲದ ಜೆಲ್ಲಿ ಒಂದೇ ಹಚ್ಚಿ ನೋಡಿ. ಊಟ ಆದ್ಮೇಲೆ, ಮಲಗೋ ಮುಂಚೆ, ತುಟಿ ಒದ್ದೆ ಇರುವಾಗ್ಲೇ ತೆಳ್ಳಗೆ. ಜೆಲ್ಲಿ ತಾನಾಗಿ ನೀರು ಕೊಡಲ್ಲ, ಇರೋ ತೇವ ಆರದಂತೆ ತಡೆಯುತ್ತೆ ಅಷ್ಟೇ. ಸಿಪ್ಪೆ ಕೀಳ್ಬೇಡಿ.

ಇನ್ನೊಂದು, ಕನ್ನಡೀಲಿ ನೋಡಿ: ಕಪ್ಪು ತುಟಿಯ ಗೆರೆ ದಾಟಿ, ನಾಲಿಗೆ ಎಟಕುವಷ್ಟು ದೂರ ಉಂಗುರದ ಹಾಗೆ ಹಬ್ಬಿದ್ಯಾ? ಹಾಗಿದ್ರೆ ಗೊತ್ತಿಲ್ಲದೆ ತುಟಿ ನೆಕ್ಕೋ ಅಭ್ಯಾಸವೂ ಇರಬಹುದು.

ಲತಾ: ನಂಗೂ ಇದೇ ಕಾಟ ಇತ್ತು. ಬಾಯಿ ಆಕಳಿಸಿದ್ರೆ ಎರಡೂ ಮೂಲೆ ಸೀಳ್ತಿತ್ತು. ಡಾಕ್ಟ್ರು ಫಂಗಸ್ ಅಂತ ಕ್ರೀಮ್ ಕೊಟ್ರು, ಹೋಯ್ತು. ನೀವೂ ಅದನ್ನೇ ತಗೊಳ್ಳಿ.

ವೀಣಾ: ಲತಕ್ಕಾ, ಮೂಲೆ ಸೀಳೋದು ಬೇರೆ ತೊಂದ್ರೆ. ಇವರದು ಇಡೀ ತುಟಿ, ಆ ಕ್ರೀಮ್ ತಾವಾಗೇ ಹಚ್ಚೋದು ಬೇಡ.

ಕೇಳಿದವರು: ಓದಿದೆ, ಎರಡನೇ ಹೆಸರೇ ಮೆಂಥಾಲ್. ಉಂಗುರವೂ ಇದೆ, ಮೇಲ್ಗಡೆ ಜಾಸ್ತಿ. ಬಿಸಿಲಲ್ಲೇ ನನ್ನ ಕೆಲಸ, ಸನ್‌ಸ್ಕ್ರೀನ್ ಇರೋ ಬಾಮ್ ಬೇಡ್ವಾ?

ರಾಘು: ಈಗ್ಲೇ ಹಚ್ಚಿ, ಬಿಸಿಲಿಗೇ ತುಟಿ ಕಪ್ಪಾಗೋದು.

ವೀಣಾ: ನಾನಾದ್ರೆ ಸುಲಿಯೋದು ನಿಲ್ಲೋವರೆಗೆ ಟೋಪಿಯಲ್ಲೇ ಸುಧಾರಿಸ್ತೀನಿ, ಆಮೇಲೆ ಜಿಂಕ್ ಆಕ್ಸೈಡ್ ಇರೋ ಎಸ್‌ಪಿಎಫ್ 30. ಕೆಲವು ಸನ್‌ಸ್ಕ್ರೀನುಗಳೇ ಹಸಿ ತುಟಿಗೆ ಉರಿ ಹಚ್ತಾವೆ. ಕೆಳತುಟಿಯಲ್ಲಿ ಒಂದೇ ಜಾಗ ಒರಟಾಗಿ, ವಾರಗಟ್ಟಲೆ ಮಾಯದೇ ಇದ್ರೆ ಮಾತ್ರ ತಡಮಾಡದೆ ಡಾಕ್ಟ್ರಿಗೆ ತೋರಿಸಿ.