ಸಹಾಯ ಬೇಕು: ಮಿಕ್ಸಿ ಡಬ್ಬಕ್ಕೆ ಎರಡು ಗಿಫ್ಟ್ ಪೇಪರ್ ಸಾಕಾ?

ನಾಳೆ ಒಂದು ಗೃಹಪ್ರವೇಶ ಇದೆ. ಮಿಕ್ಸಿ ಡಬ್ಬ 40 ಸೆಂ.ಮೀ. ಉದ್ದ, 30 ಅಗಲ, 20 ಎತ್ತರ. ಮನೆಯಲ್ಲಿ 50×70 ಅಳತೆಯ ಹಾಳೆ ಎರಡಿವೆ. ಡಬ್ಬದ ಆರೂ ಮುಖ ಸೇರಿ 5200 ಚದರ ಸೆಂ.ಮೀ., ಹಾಳೆಗಳು 7000. ಲೆಕ್ಕದಲ್ಲಿ ಧಾರಾಳ. ಆದರೆ ಸುತ್ತೋಕೆ ಹೋದರೆ ಆಕಾರವೇ ಹೊಂದುತ್ತಿಲ್ಲ!

ಅಗಲದ ಸುತ್ತ ಸುತ್ತಿದರೆ 30+20ರ ಎರಡರಷ್ಟು, ಅಂದರೆ 100, ಅಂಟಿಸೋಕೆ ಇನ್ನು 5. ಹಾಳೆಗಳ 50ರ ಬದಿ ಉದ್ದಕ್ಕೆ ಬರುವಂತೆ 2 ಸೆಂ.ಮೀ. ಮೇಲೆ ಹತ್ತಿಸಿ ಜೋಡಿಸಿದರೆ ಸಿಗುವುದು 98 ಮಾತ್ರ.

ಉದ್ದದ ಸುತ್ತ ಸುತ್ತಿದರೆ 120, ಅಂಟಿಗೆ 5 ಸೇರಿ 125. ಈ ಸಲ 70ರ ಬದಿಯನ್ನು ಉದ್ದಕ್ಕೆ ಜೋಡಿಸಿದರೆ 138 ಸಿಗುತ್ತದೆ. ಆದರೆ ಹಾಳೆಯ ಅಗಲ 50. ಡಬ್ಬದ ಅಗಲ 30, ಎರಡೂ ಕಡೆ ಮಡಿಸೋಕೆ ಎತ್ತರದ ಅರ್ಧ, ಅಂದರೆ 10+10. ಮೇಲಿನ, ಕೆಳಗಿನ ಮಡಿಕೆ ನಡುವಲ್ಲಿ ಸುಮ್ನೆ ಮುಟ್ಟುತ್ತವೆ, ಒಂದರ ಮೇಲೊಂದು ಕೂರಲ್ಲ. ಸ್ವಲ್ಪ ಸರಿದರೂ ಡಬ್ಬ ಇಣುಕುತ್ತದೆ, ಅಲ್ವಾ?

ಉಳಿಯುವ 13 ಸೆಂ.ಮೀ. ತುಂಡಿನಿಂದ ಎರಡು ಪಟ್ಟಿ ಕತ್ತರಿಸಿ ಆ ಸೀಳಿನ ಮೇಲೆ ಅಂಟಿಸಿದರೆ ಚೆನ್ನಾಗಿ ಕಾಣುತ್ತದಾ? ಪೇಪರ್‌ನಲ್ಲಿ ಅಡ್ಡಗೆರೆ ಡಿಸೈನ್ ಬೇರೆ ಇದೆ. ಇಲ್ಲಾ ಮೂರನೇ ಹಾಳೆ ತರಲೇಬೇಕಾ? ಮಾಡಿ ಗೊತ್ತಿರುವವರು ಹೇಳಿ.