ವಾಕಿಂಗ್‌ಗೆ ಹೋಗುವ ಮೊದಲೇ 6,000 ಹೆಜ್ಜೆ! ವಾಚ್ ಕೆಟ್ಟಿದೆಯಾ?

ನವನಗರದ_ಅಕ್ಕ (ಬಾಗಲಕೋಟೆ)
ಹೊಸ ಸ್ಮಾರ್ಟ್‌ವಾಚ್ ತಗೊಂಡ ಮೇಲೆ ಸಮಾಧಾನವೇ ಇಲ್ಲ. ಬೆಳಿಗ್ಗೆ 8 ಗಂಟೆಗೆ ವಾಕಿಂಗ್‌ಗೆ ಹೊರಡುವಷ್ಟರಲ್ಲಿ 6,000 ಹೆಜ್ಜೆ ತೋರಿಸುತ್ತದೆ. ನಾನು ಮನೆ ಬಿಟ್ಟು ಹೊರಗೇ ಬಂದಿರುವುದಿಲ್ಲ. ರಾತ್ರಿ ನೋಡಿದರೆ 2,150 ಕ್ಯಾಲೊರಿ, ಅದರ ಮೇಲೆ ವಾಕಿಂಗ್‌ದು 310. ನಾನು ತಿನ್ನುವುದು 1,900. ಆ ಲೆಕ್ಕದಲ್ಲಿ ವಾರಕ್ಕೆ ಅರ್ಧ ಕೆಜಿ ಇಳಿಯಬೇಕಿತ್ತು. ತಿಂಗಳಾದರೂ ತೂಕ ಅಲ್ಲೇ ಇದೆ. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂತಾರೆ. ಏನು ಮಾಡಲಿ?

ಚಿಕ್ಕೋಡಿ_ಟೆಕ್
ಯಾವ ಮಾಡೆಲ್ ಅಂತ ಬರೆಯಿರಿ ಮೊದಲು. ಡೂಪ್ಲಿಕೇಟ್ ಇರಬೇಕು. ಕಡಿಮೆ ಬೆಲೆಯ ಕೆಲವು ವಾಚ್‌ಗಳು ಸುಮ್ನೆ ಏನೋ ಒಂದು ನಂಬರ್ ತೋರಿಸುತ್ತವೆ. ಟೇಬಲ್ ಮೇಲೆ ಇಟ್ಟು ನೋಡಿ, ಆಗಲೂ ಹೆಜ್ಜೆ ಏರಿದರೆ ಸೆನ್ಸರ್ ಹೋಗಿದೆ ಅಂತ ಅರ್ಥ.

ನವನಗರದ_ಅಕ್ಕ
ಬಿಲ್ ಇದೆ, ಡೂಪ್ಲಿಕೇಟ್ ಅಲ್ಲ. ಟೇಬಲ್ ಮೇಲೆ ಇಟ್ಟರೆ ಒಂದು ಹೆಜ್ಜೆಯೂ ಏರುವುದಿಲ್ಲ.

ಚಿಕ್ಕೋಡಿ_ಟೆಕ್
ಹಾಗಾದರೆ ಸಾಫ್ಟ್‌ವೇರ್. ಅಪ್‌ಡೇಟ್ ಮಾಡಿ, ರೀಸೆಟ್ ಹೊಡೆಯಿರಿ, ಮತ್ತೆ ಫೋನಿಗೆ ಜೋಡಿಸಿ. ಹತ್ತರಲ್ಲಿ ಒಂಬತ್ತು ಸಲ ಇದರಲ್ಲೇ ಸರಿ ಹೋಗುತ್ತದೆ.

ಗುಮ್ಮಟನಗರಿ_ಪೆಡಲ್ (ವಿಜಯಪುರ)
ಕೈಗೆ ಕಟ್ಟುವ ವಾಚಿನ ಕ್ಯಾಲೊರಿ ನಂಬಲೇಬಾರದು. ನಾನು ಸೈಕಲ್‌ಗೆ ಪವರ್ ಮೀಟರ್ ಹಾಕಿಸಿದ್ದೇನೆ, ಎದೆಗೆ ಬೆಲ್ಟ್ ಕಟ್ಟುತ್ತೇನೆ. ಪೆಡಲ್ ಮೇಲೆ ಬೀಳುವ ಬಲವನ್ನೇ ಅಳೆಯುವುದರಿಂದ ಅದು ತೋರಿಸುವ ಕಿಲೋಜೂಲ್ ಹೆಚ್ಚುಕಮ್ಮಿ ಅಷ್ಟೇ ಕ್ಯಾಲೊರಿಗೆ ಸಮ. ಸೋಲಾಪುರ ರಸ್ತೆಯಲ್ಲಿ ಎದುರುಗಾಳಿ ಇದ್ದ ದಿನ ನನ್ನ ವಾಚು ಮತ್ತು ಮೀಟರ್ ನಡುವೆ ಭಾರಿ ವ್ಯತ್ಯಾಸ ಬಂದಿತ್ತು. ಫೋಟೋ ಹಾಕಲಾ?

ಚಿಕ್ಕೋಡಿ_ಟೆಕ್
ಅಕ್ಕಾವರು ಕೇಳಿದ್ದು ಹೆಜ್ಜೆ ಬಗ್ಗೆ. ಸೈಕಲ್ ಯಾಕೆ ಇಲ್ಲಿ?

ಗುಮ್ಮಟನಗರಿ_ಪೆಡಲ್
ಕ್ಯಾಲೊರಿ ಬಗ್ಗೆಯೂ ಕೇಳಿದ್ದಾರೆ, ಓದಿ ನೋಡಿ. ಪವರ್ ಮೀಟರ್ ಬಗ್ಗೆ ಬೇಕಾದವರಿಗೆ ಬೇರೆ ಚರ್ಚೆ ತೆರೆಯುತ್ತೇನೆ.

ಮಲಪ್ರಭಾ_ದಂಡೆ
ಅಕ್ಕಾ, ಬೆಳಿಗ್ಗೆ ಎದ್ದಾಗಿನಿಂದ 8 ಗಂಟೆವರೆಗೆ ಏನೇನು ಕೆಲಸ ಮಾಡುತ್ತೀರಿ? ವಾಚ್ ಯಾವ ಕೈಗೆ ಕಟ್ಟುತ್ತೀರಿ?

ನವನಗರದ_ಅಕ್ಕ
ಮನೆಯ ಕೆಲಸವೇ ರೀ. ಆರ್ಡರ್ ರೊಟ್ಟಿ ಮಾಡಿಕೊಡುತ್ತೇನೆ. 6ಕ್ಕೆ ಕೂತರೆ ಏಳೂವರೆಗೆ ಏಳುತ್ತೇನೆ. ವಾಚ್ ಬಲಗೈಗೆ.

ಮಲಪ್ರಭಾ_ದಂಡೆ
ಅಲ್ಲೇ ಇದೆ ನಿಮ್ಮ 6,000. ವಾಚ್ ಕೆಟ್ಟಿಲ್ಲ, ನಿಮ್ಮ ಕಾಲು ಅದಕ್ಕೆ ಕಾಣುವುದಿಲ್ಲ ಅಷ್ಟೇ. ಅದರೊಳಗಿನ ಸೆನ್ಸರ್ ಕೈಯ ಅಲುಗಾಟ ನೋಡುತ್ತದೆ. ಒಂದೇ ತಾಳದಲ್ಲಿ ಸ್ವಲ್ಪ ಹೊತ್ತು ಅಲುಗಾಡಿದರೆ ನಡಿಗೆ ಅಂತ ಎಣಿಸಲು ಶುರು ಮಾಡುತ್ತದೆ. ಜೋರಾಗಿ ನಡೆಯುವಾಗ ನಿಮಿಷಕ್ಕೆ 100–120 ಹೆಜ್ಜೆ ಬೀಳುತ್ತವೆ. ರೊಟ್ಟಿ ಬಡಿಯುವ ತಾಳವೂ ಹೆಚ್ಚುಕಮ್ಮಿ ಅದೇ.

ಪರೀಕ್ಷೆ ಮಾಡುವುದು ಸುಲಭ. ಬಲಗೈಗೆ ಕಟ್ಟಿಕೊಂಡು 20 ರೊಟ್ಟಿ ಬಡಿಯಿರಿ, ಮೊದಲು ಮತ್ತು ಆಮೇಲೆ ಎಷ್ಟು ತೋರಿಸಿತು ಅಂತ ಬರೆದಿಡಿ. ಎಡಗೈಗೆ ಕಟ್ಟಿ ಇನ್ನೂ 20 ಬಡಿಯಿರಿ. ಕೊನೆಗೆ ಬಯಲಲ್ಲಿ ಬಾಯಲ್ಲೇ ಎಣಿಸುತ್ತಾ 200 ಹೆಜ್ಜೆ ಹಾಕಿ. ಕೈ ಬದಲಿಸುವಾಗ ಆ್ಯಪ್‌ನಲ್ಲಿ ಎಡಗೈ, ಬಲಗೈ ಆಯ್ಕೆ ಇದ್ದರೆ ಅದನ್ನೂ ಬದಲಿಸಿ.

ಕ್ಯಾಲೊರಿ ಬಗ್ಗೆ ಹೇಳಲು ವಯಸ್ಸು, ಎತ್ತರ, ತೂಕ ಬೇಕು.

ಚಿಕ್ಕೋಡಿ_ಟೆಕ್
ರೀಸೆಟ್ ಮಾಡಿ ನೋಡಿದ ಮೇಲೆ ಇದನ್ನೆಲ್ಲ ಮಾಡಬಹುದಿತ್ತು.

ನವನಗರದ_ಅಕ್ಕ
41 ವರ್ಷ, 156 ಸೆಂ.ಮೀ., 68 ಕೆಜಿ. ರೀಸೆಟ್ ಕೂಡ ಮಾಡಿದೆ, ಮೊದಲಿನಂತೆಯೇ ಇದೆ. ಬಲಗೈಯಲ್ಲಿ 20 ರೊಟ್ಟಿಗೆ 1,180 ಹೆಜ್ಜೆ! ಎಡಗೈಯಲ್ಲಿ 240. ರೊಟ್ಟಿ ತಿರುಗಿಸುವುದು ಎಡಗೈಯಲ್ಲೇ ಅಲ್ವಾ, ಅದಕ್ಕೇ ಪೂರ್ತಿ ನಿಲ್ಲಲಿಲ್ಲ ಅನಿಸುತ್ತದೆ. ಬಯಲಲ್ಲಿ 200 ಹೆಜ್ಜೆಗೆ 196 ತೋರಿಸಿತು.

ಮಲಪ್ರಭಾ_ದಂಡೆ
200ಕ್ಕೆ 196 ಅಂದರೆ ಒಳ್ಳೆಯ ವಾಚ್. ಇಟ್ಟುಕೊಳ್ಳಿ. ರೊಟ್ಟಿಗೆ ಕೂರುವಾಗ ಬಿಚ್ಚಿಡಿ, ಏಳುವಾಗ ಕಟ್ಟಿಕೊಳ್ಳಿ.

ಈಗ ಕ್ಯಾಲೊರಿ. ಆ 2,150 ಬರೀ ಓಡಾಟದ್ದಲ್ಲ, ಇಡೀ ದಿನದ್ದು. ದಿನವಿಡೀ ಮಲಗಿದ್ದರೂ ದೇಹ ಉಸಿರಾಟಕ್ಕೆ, ಬಿಸಿ ಉಳಿಸಿಕೊಳ್ಳಲು ಖರ್ಚು ಮಾಡುತ್ತದೆ. ಹೆಂಗಸರಿಗೆ ಅದರ ಲೆಕ್ಕ ಹೀಗೆ:

```
10 × 68 + 6.25 × 156 − 5 × 41 − 161 = 1289
```

ಅಂದರೆ 2,150ರಲ್ಲಿ ಸುಮಾರು 1,290 ಏನೂ ಮಾಡದಿದ್ದರೂ ಬರುವಂಥದ್ದು. ವಾಕಿಂಗ್‌ನ 310 ಕೂಡ ಆ 2,150ರ ಒಳಗೇ ಇದೆ, ಮತ್ತೆ ಸೇರಿಸಬಾರದು. ಆ 310 ಕೂಡ ಜಾಸ್ತಿ. 68 ಕೆಜಿ ಇರುವವರು ಒಂದು ಗಂಟೆ ಸಾಧಾರಣ ಜೋರಾಗಿ ನಡೆದರೆ ಸುಮಾರು 240 ಖರ್ಚಾಗುತ್ತದೆ. ಅದರಲ್ಲಿ 70 ಆ ಗಂಟೆ ಸುಮ್ನೆ ಕೂತಿದ್ದರೂ ಆಗುತ್ತಿತ್ತು. ನಡೆದಿದ್ದರಿಂದ ಸಿಕ್ಕಿದ್ದು 170.

ಗುಮ್ಮಟನಗರಿ_ಪೆಡಲ್
ಅದಕ್ಕೇ ನಾನು ಹೇಳುವುದು, ವಾಚ್ ತೋರಿಸಿದ್ದರಲ್ಲಿ ಅರ್ಧ ಹಿಡಿಯಿರಿ ಅಂತ. ನಮ್ಮ ಗುಂಪಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಮಲಪ್ರಭಾ_ದಂಡೆ
ಅರ್ಧ ಅನ್ನುವುದು ಎಲ್ಲರಿಗೂ ಹೊಂದುವುದಿಲ್ಲ ಅಣ್ಣ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ವಾಚ್‌ಗಳನ್ನು ಪರೀಕ್ಷಿಸಿದ್ದರು. ಬಹುತೇಕ ವಾಚ್‌ಗಳು ಹೃದಯಬಡಿತವನ್ನು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದು ಕೂಡ ಸರಾಸರಿ 27% ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು 93%. ತಪ್ಪು ವಾಚಿಂದ ವಾಚಿಗೆ ಬೇರೆ, ಕೆಲಸದಿಂದ ಕೆಲಸಕ್ಕೂ ಬೇರೆ. ಎಲ್ಲದಕ್ಕೂ ಒಂದೇ ಭಾಗಾಕಾರ ನಡೆಯುವುದಿಲ್ಲ.

ಅಕ್ಕಾ, ಇದಕ್ಕಿಂತ ನಂಬಬಹುದಾದ ಮಾಪನ ನಿಮ್ಮ ಹತ್ತಿರವೇ ಇದೆ. ತಿಂಗಳು ಪೂರ್ತಿ 1,900 ತಿಂದು ತೂಕ ನಿಂತಲ್ಲೇ ನಿಂತಿದೆ ಅಂದರೆ ನಿಮ್ಮ ನಿಜವಾದ ಖರ್ಚೂ ಸುಮಾರು 1,900. ಊಟದ ಲೆಕ್ಕ ಸರಿ ಇದ್ದರೆ ಮಾತ್ರ ಇದು ಸರಿ. ಒಗ್ಗರಣೆ ಎಣ್ಣೆ, ಶೇಂಗಾ ಚಟ್ನಿ ಬರೆಯುತ್ತೀರಾ? ಅವು ಬಿಟ್ಟುಹೋದರೂ ಚಿಂತೆಯಿಲ್ಲ, ಈಗ ತಿನ್ನುವುದರಲ್ಲೇ 250ರಷ್ಟು ಕಡಿಮೆ ಮಾಡಿ, ವಾಚಿನ ಕ್ಯಾಲೊರಿ ನೋಡಿ ಹೆಚ್ಚು ತಿನ್ನಬೇಡಿ. ಮೂರ್ನಾಲ್ಕು ವಾರ ಬಿಟ್ಟು ತೂಕ ನೋಡಿ. ದಿನದಿನದ ಏರಿಳಿತ ನೀರು, ಉಪ್ಪಿನದು, ಅದಕ್ಕೆ ಬೆಲೆ ಕೊಡಬೇಡಿ.

ನವನಗರದ_ಅಕ್ಕ
ಎಣ್ಣೆ ಬರೆಯುತ್ತಿಲ್ಲ. ಅದಿರಲಿ ಸರ್, ಒಂದೂವರೆ ತಾಸು ಒಲೆ ಮುಂದೆ ಬಡಿದರೆ ಮೈಯೆಲ್ಲ ಬೆವರುತ್ತದೆ, ಹೆಗಲು ನೋಯುತ್ತದೆ. ಅದಕ್ಕೆ ಲೆಕ್ಕವೇ ಇಲ್ಲವಾ? ವಾಚ್‌ನಲ್ಲಿ ಆಗ ಹೃದಯಬಡಿತ 115 ಇರುತ್ತದೆ.

ಮಲಪ್ರಭಾ_ದಂಡೆ
ಖಂಡಿತ ಇದೆ, ಅದು ದುಡಿಮೆಯೇ. ಆದರೆ 115ರಲ್ಲಿ ಒಲೆಯ ಪಾಲೂ ಇದೆ. ಬಿಸಿಗೆ ಮೈ ತಂಪು ಮಾಡಿಕೊಳ್ಳಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬಡಿತ ಏರುತ್ತದೆ, ಖರ್ಚು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ವಾಚಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಅಷ್ಟನ್ನೂ ವ್ಯಾಯಾಮ ಅಂತ ಬರೆದುಕೊಳ್ಳುತ್ತದೆ. ಬಡಿತ ನಿಜವಾ ಅಂತ ನೋಡಲು ಕುತ್ತಿಗೆಯ ನಾಡಿ ಹಿಡಿದು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ.

ಕಿತ್ತೂರು_ಹುಡುಗ
ಅಕ್ಕಾ 10,000 ಆಗದಿದ್ದರೆ ಲಾಭ ಇಲ್ಲ ಅಂತಾರೆ. ರೊಟ್ಟಿ ತೆಗೆದರೆ ನಿಮ್ಮದು ಎಷ್ಟು ಉಳಿಯುತ್ತದೆ?

ಮಲಪ್ರಭಾ_ದಂಡೆ
10,000 ಅನ್ನುವುದು 1965ರಲ್ಲಿ ಜಪಾನಿನಲ್ಲಿ ಮಾರಿದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ವೈದ್ಯರು ಅಳೆದು ಹೇಳಿದ್ದಲ್ಲ. ಅದಕ್ಕಿಂತ ಕಡಿಮೆ ನಡೆದರೂ ಲಾಭ ಇದೆ.

ನವನಗರದ_ಅಕ್ಕ
ಬಿಚ್ಚಿಟ್ಟ ದಿನ 7,400 ಬಂತು. ವಾರದ ಸರಾಸರಿ ನೋಡಿ ಅದನ್ನು 8,000ಕ್ಕೆ ಏರಿಸುತ್ತೇನೆ. ನಾಡಿ ಎಣಿಸಿದೆ, ರೊಟ್ಟಿ ಮುಂದೆ 104. ವಾಚ್ 115 ಅಂತಲೇ ತೋರಿಸುತ್ತಿದೆ.

ಚಿಕ್ಕೋಡಿ_ಟೆಕ್
ಪಟ್ಟಿ ಸಡಿಲ ಇದೆ. ಮುಂಗೈ ಮೂಳೆಯಿಂದ ಒಂದು ಬೆರಳು ಮೇಲೆ, ಸ್ವಲ್ಪ ಬಿಗಿಯಾಗಿ ಕಟ್ಟಿ.

ಮಲಪ್ರಭಾ_ದಂಡೆ
ಸಡಿಲ ಇರಬಹುದು. ಬಡಿಯುವ ತಾಳವನ್ನೇ ನಾಡಿ ಅಂತ ತಿಳಿದುಕೊಂಡಿರಲೂಬಹುದು, ಎರಡೂ ಹತ್ತಿರ ಹತ್ತಿರ ಇವೆ. ಬಿಗಿ ಮಾಡಿ ಮತ್ತೆ ಎಣಿಸಿ. ಆಗಲೂ 115 ಬಂದರೆ ಎಡಗೈಗೆ ಕಟ್ಟಿ ನೋಡಿ.

ಇಳಕಲ್_ಸ್ಕೂಟಿ
ನನ್ನದು ಸ್ಕೂಟಿ ಮೇಲೆ ಹುನಗುಂದಕ್ಕೆ ಹೋಗಿ ಬಂದರೆ 900 ಹೆಜ್ಜೆ ಏರುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲೇ ಇರುತ್ತವೆ. ಅದಕ್ಕೆ ಏನು ಮಾಡುವುದು?