“ಆಗದಿದ್ರೆ ದುಡ್ಡು ವಾಪಸ್” ಅನ್ನೋ ಮಧ್ಯವರ್ತಿಗೆ ಕೊಡಬಹುದಾ?

ಕೇಳಿದವರು, ಅರಕಲಗೂಡು ಕಡೆಯಿಂದ

ಮೇಡಂ, ತಂಗಿ ಗ್ರೂಪ್ ಸಿ ಪರೀಕ್ಷೆಗೆ ಅರ್ಜಿ ಹಾಕವ್ಳೆ. ನಮ್ಮ ಕಡೆಯವರೇ ಒಬ್ಬರು ಒಟ್ಟು 9 ಲಕ್ಷ, ಈಗ 2 ಲಕ್ಷ ಕೊಡಿ, ಆಗದಿದ್ರೆ ಒಂದು ಪೈಸೆ ಮುರಿಯದೆ ವಾಪಸ್ ಅಂತಾರೆ. ಹೋದ ಸಲ ಇಬ್ಬರಿಗೆ ಮಾಡಿಸಿಕೊಟ್ಟವ್ರೆ. ಆ ಇಬ್ಬರನ್ನೂ ನಾನೇ ಮಾತಾಡಿಸಿದೆ, ನಿಜ ಅಂದ್ರು. ಒರಿಜಿನಲ್ ಮಾರ್ಕ್ಸ್ ಕಾರ್ಡು, ಅಪ್ಪ ಸಹಿ ಹಾಕಿದ ಎರಡು ಖಾಲಿ ಚೆಕ್ಕು ಆಗಲೇ ಕೊಟ್ಟಿದ್ದೀವಿ. ಅವರು ಕಳಿಸಿದ ಲಿಂಕಲ್ಲಿ ನೋಂದಣಿ ಅಂತ 2,500 ಕಟ್ಟಿ ಒಂಬತ್ತು ದಿನ ಆಯ್ತು. ಶುಂಠಿ ಮಾರಿದ ದುಡ್ಡು ಕೈಲಿದೆ, ಸೋಮವಾರ ಕೊಡಬೇಕು. ಕೊಡಬಹುದಾ?

ವಕೀಲೆ, ಹಾಸನ

ಕೊಡಬೇಡಿ. ಕಾರಣ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಿಮಗೆ ಧೈರ್ಯ ಬಂದಿರೋದು ಎರಡು ವಿಷಯದಿಂದ: ಆ ಇಬ್ಬರಿಗೆ ಕೆಲಸ ಸಿಕ್ಕಿದೆ, ಮತ್ತೆ ಆಗದಿದ್ರೆ ದುಡ್ಡು ವಾಪಸ್ ಬರುತ್ತೆ. ಎರಡೂ ನಿಜವೇ ಇರಬಹುದು. ಆದ್ರೂ ಅವರು ಯಾರಿಗೂ ಏನೂ ಮಾಡಿಸಿರೋದಿಲ್ಲ.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಜನರಿಂದ ತಲಾ 2 ಲಕ್ಷ ತಗೊಂಡ್ರೆ 40 ಲಕ್ಷ. ಆಮೇಲೆ ಆತ ಸುಮ್ಮನೆ ಮನೇಲಿ ಕೂತಿರ್ತಾನೆ. ಮಕ್ಕಳು ಓದಿಕೊಂಡು ಪರೀಕ್ಷೆ ಬರೀತಾರೆ. ಇಪ್ಪತ್ತರಲ್ಲಿ ಮೂವರು ತಮ್ಮ ಓದಿನಿಂದಲೇ ಆಯ್ಕೆ ಆದ್ರು ಅನ್ನಿ. ಅವರ ಮನೆಗೆ ಹೋಗಿ ಉಳಿದ 7 ಲಕ್ಷ ವಸೂಲಿ ಮಾಡ್ತಾನೆ. ಮುಂಗಡವೂ ಸೇರಿ ಮೂವರಿಂದ 27 ಲಕ್ಷ. ಉಳಿದ ಹದಿನೇಳು ಜನರ 34 ಲಕ್ಷವನ್ನು ವಾಪಸ್ ಕೊಟ್ಟೇಬಿಡ್ತಾನೆ. ಆದ್ರೆ ಯಾವಾಗ? ಅಂತಿಮ ಪಟ್ಟಿ ಬಂದ ಮೇಲೆ, ಒಂದು ವರ್ಷ ಕಳೆದು. ಅಷ್ಟು ದಿನ ಆ ದುಡ್ಡು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಓಡಿದ್ರೆ ಅದೊಂದರಲ್ಲೇ 8 ಲಕ್ಷದ ಮೇಲೆ. ಯಾರೂ ದೂರು ಕೊಡಲ್ಲ, ಯಾಕಂದ್ರೆ ಯಾರಿಗೂ ಅಸಲು ಹೋಗಿಲ್ಲ. ಮುಂದಿನ ಸಲಕ್ಕೆ ಹೆಸರು ಇನ್ನೂ ಗಟ್ಟಿಯಾಗುತ್ತೆ.

ನಾನು ನೋಡಿದ ಒಂದು ಪ್ರಕರಣದಲ್ಲಿ ಪೊಲೀಸರಿಗೆ ಮಧ್ಯವರ್ತಿಯ ನೋಟ್‌ಬುಕ್ ಸಿಕ್ಕಿತ್ತು. ಪ್ರತಿ ಹೆಸರಿನ ಮುಂದೆ ಹುಡುಗ ಕೋಚಿಂಗ್‌ನ ಅಣಕು ಪರೀಕ್ಷೆಯಲ್ಲಿ ತೆಗೆದ ಅಂಕ ಬರೆದಿತ್ತು. ಓದೋ ಮಕ್ಕಳನ್ನೇ ಆರಿಸಿಕೊಂಡಿದ್ದ. ನಿಮ್ಮವರೂ ತಂಗಿ ಹೇಗೆ ಓದ್ತಾಳೆ, ಹಿಂದೆ ಎಷ್ಟು ಅಂಕ ಬಂದಿತ್ತು ಅಂತ ಮೊದಲೇ ವಿಚಾರಿಸಿರಬೇಕು, ನೆನಪು ಮಾಡಿಕೊಳ್ಳಿ.

ನೀವು ಮಾತಾಡಿಸಿದ ಆ ಇಬ್ಬರು ಸುಳ್ಳು ಹೇಳ್ತಿಲ್ಲ. ದುಡ್ಡು ಕೊಟ್ರು, ಕೆಲಸ ಬಂತು. ತಾನೇ ಓದಿ ಪಾಸಾದೆ ಅಂತ ನಂಬೋ ಧೈರ್ಯವನ್ನೇ ಅವರಿಂದ ಕಿತ್ತುಕೊಂಡಿದ್ದಾನೆ. ನನಗೆ ಹೆಚ್ಚು ಸಂಕಟ ಆಗೋದು ಇದೇ.

ಸೈಬರ್ ಸೆಂಟರ್ ನಡೆಸುವವರು, ಕಡೂರು

ಅಣ್ಣ, ಮೊದಲು ವೆಬ್‌ಸೈಟ್ ನೋಡಿ. ಬೀಗದ ಗುರುತಿದ್ರೆ ಅಸಲಿ. ಕೊನೇಲಿ gov.in ಇಲ್ಲದ್ದೆಲ್ಲ ನಕಲಿ, ಇಷ್ಟೇ. ಮಾರ್ಕ್ಸ್ ಕಾರ್ಡಿಗೆ ತಲೆ ಕೆಡಿಸ್ಕೋಬೇಡಿ, ಪೊಲೀಸ್ ಆ್ಯಪಲ್ಲಿ ಕಳೆದುಹೋಯ್ತು ಅಂತ ಹಾಕಿ, ನಕಲು ಪ್ರತಿ ತಗೊಳ್ಳಿ.

ವಕೀಲೆ, ಹಾಸನ

ಬೀಗದ ಗುರುತನ್ನ ನಂಬಬೇಡಿ. ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗೋದನ್ನ ಬೇರೆಯವರು ಓದಲಾಗಲ್ಲ ಅಂತಷ್ಟೇ ಅದರ ಅರ್ಥ. ಆ ಸೈಟು ಕಳ್ಳನದ್ದೇ ಆಗಿದ್ರೂ ಬೀಗ ಇರುತ್ತೆ.

gov.in ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಬ್ಯಾಂಕ್ ಪರೀಕ್ಷೆಗಳ ಅಸಲಿ ವಿಳಾಸವೇ `ibps.in`. ನಮ್ಮ ಪೊಲೀಸ್ ನೇಮಕಾತಿ ಅರ್ಜಿ `ksp-recruitment.in` ನಲ್ಲಿ ಬಂದದ್ದಿದೆ. ಹಾಗಾಗಿ ಯಾರೋ ಕಳಿಸಿದ ಲಿಂಕಿಂದ ಶುರು ಮಾಡಬೇಡಿ. ಇಲಾಖೆಯ ಅಧಿಸೂಚನೆ ತೆಗೆದು, ಅದರಲ್ಲಿ ಅಚ್ಚಾದ ವಿಳಾಸವನ್ನು ಕೈಯಾರೆ ಟೈಪ್ ಮಾಡಿ.

ಅರಕಲಗೂಡಿನವರು ನನಗೆ ಖಾಸಗಿಯಾಗಿ ಆ ಲಿಂಕ್ ಕಳಿಸಿದ್ರು. ಯಾರಾದ್ರೂ ಒತ್ತಿಬಿಟ್ಟಾರು ಅಂತ ಇಲ್ಲಿ ಪೂರ್ತಿ ಹಾಕ್ತಿಲ್ಲ. ಅದರ ಬಾಲ ಹೀಗಿದೆ: `-karnataka-gov.in`. ಪರೀಕ್ಷಾ ಪ್ರಾಧಿಕಾರದ ಅಸಲಿ ವಿಳಾಸ `cetonline.karnataka.gov.in/kea`. ಶುರುವಿನ `https://` ಬಿಟ್ಟು ಆಮೇಲಿನ ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಅಸಲಿಯಲ್ಲಿ gov ಹಿಂದೆ ಚುಕ್ಕಿ ಇದೆ, ಇವರದ್ದರಲ್ಲಿ ಅಡ್ಡಗೆರೆ. ಚುಕ್ಕಿ ಇರುವ gov.in ಹೆಸರು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡೋದು. ಅಡ್ಡಗೆರೆ ಸೇರಿಸಿದ ಹೆಸರು ಬರೀ .in ಹೆಸರು, ಅದನ್ನ ಯಾರು ಬೇಕಾದ್ರೂ ದುಡ್ಡು ಕೊಟ್ಟು ಕೊಳ್ಳಬಹುದು.

ಇನ್ನು ಆ 2,500. ಯುಪಿಐ ರಸೀದಿ ತೆಗೆದು ಹಣ ಪಡೆದವರ ಜಾಗದಲ್ಲಿ ಯಾರ ಹೆಸರಿದೆ ನೋಡಿ. ಒಬ್ಬ ವ್ಯಕ್ತಿಯ ಹೆಸರಿದ್ರೆ ಅದು ಸರ್ಕಾರಿ ಶುಲ್ಕ ಅಲ್ಲ. ಇವತ್ತೇ 1930ಕ್ಕೆ ಫೋನ್ ಮಾಡಿ, `cybercrime.gov.in` ನಲ್ಲೂ ದಾಖಲಿಸಿ. ಕಟ್ಟಿದ ಗಂಟೆ ಎರಡು ಗಂಟೆಯೊಳಗೆ ಹೇಳಿದ್ರೆ ಎದುರಿನ ಖಾತೆಯಲ್ಲಿ ದುಡ್ಡು ತಡೆಹಿಡಿಯೋಕೆ ಆಗುತ್ತೆ. ಒಂಬತ್ತು ದಿನ ಆದ್ಮೇಲೆ ಅಲ್ಲಿ ಏನೂ ಉಳಿದಿರಲ್ಲ. ಆದ್ರೂ ದಾಖಲಿಸಿ, ಮುಂದೆ ಆ ವ್ಯಕ್ತಿಗೂ ಈ ಸೈಟಿಗೂ ಇರೋ ನಂಟು ತೋರಿಸೋಕೆ ಆ ರಸೀದಿಯೇ ದಾರಿ.

ಮಾರ್ಕ್ಸ್ ಕಾರ್ಡು ಕಳೆದುಹೋಯ್ತು ಅಂತ ಮಾತ್ರ ಹಾಕಬೇಡಿ. ಅದು ಯಾರ ಹತ್ರ ಇದೆ ಅಂತ ನಿಮಗೆ ಗೊತ್ತು. ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟ ಹಾಗಾಗುತ್ತೆ. ನಾಳೆ ಆತ ಆ ಕಾರ್ಡನ್ನ ಕೋರ್ಟಲ್ಲಿ ತೋರಿಸಿದ್ರೆ ನಿಮ್ಮ ಮಾತಿಗೆ ಬೆಲೆ ಇರಲ್ಲ.

ರೈತರು, ಚನ್ನರಾಯಪಟ್ಟಣ

ಕೋಚಿಂಗ್ ಫೀಸ್ ವಾಪಸ್ ಕೊಡಲ್ಲ ಅಂತಾರೆ, ಅದಕ್ಕೂ ಕೇಸ್ ಹಾಕಬಹುದಾ ಮೇಡಂ? ನನ್ನ ಮಗನದ್ದು ಬೇರೆ ಕಥೆ. ಆಸ್ಪತ್ರೇಲಿ ಕೆಲಸ ಅಂತ 4 ಲಕ್ಷ ಕೊಟ್ಟೆ. ಲಾಂಛನ, ಮೊಹರು, ಸಹಿ ಎಲ್ಲ ಇದ್ದ ನೇಮಕಾತಿ ಪತ್ರ ಮನೆಗೆ ಬಂತು. ಊರೆಲ್ಲ ಸಿಹಿ ಹಂಚಿದ್ವಿ. ಹಾಜರಾಗೋ ದಿನ ಹೋದ್ರೆ ಅಲ್ಲಿನ ಗುಮಾಸ್ತರು ಪತ್ರ ನೋಡಿ, ಈ ಸಂಖ್ಯೆ ನಮ್ಮ ಕಡತದಲ್ಲೇ ಇಲ್ಲ ಅಂದ್ರು. ಅದೇ ವಾರದಲ್ಲಿ ಅದೇ ನಮೂನೆ ಪತ್ರ ಹಿಡ್ಕೊಂಡು ಇನ್ನೂ ಮೂವರು ಬಂದಿದ್ರಂತೆ. ಬಾಂಡ್ ಪೇಪರಲ್ಲಿ ಬರೆಸಿಕೊಂಡಿದ್ದೆ, ಅದರಿಂದ ದುಡ್ಡು ವಾಪಸ್ ಬರುತ್ತಾ?

ವಕೀಲೆ, ಹಾಸನ

ಕೋಚಿಂಗ್ ಫೀಸ್ ಬೇರೆ ವಿಷಯ ಅಣ್ಣ, ಅದಕ್ಕೆ ಗ್ರಾಹಕ ಆಯೋಗ ಇದೆ, ಬೇರೆ ಪ್ರಶ್ನೆಯಾಗಿ ಕೇಳಿ. ಬಾಂಡ್ ಪೇಪರಲ್ಲಿ ಸರ್ಕಾರಿ ಕೆಲಸ ಕೊಡಿಸೋಕೆ ಅಂತಲೇ ಬರೆದಿದ್ರೆ ಆ ಒಪ್ಪಂದ ಕಾನೂನಿನ ಕಣ್ಣಲ್ಲಿ ಹುಟ್ಟಲೇ ಇಲ್ಲ. ಕಾನೂನಿಗೆ ವಿರುದ್ಧವಾದ ಉದ್ದೇಶಕ್ಕೆ ಮಾಡಿಕೊಂಡ ಕರಾರನ್ನ ಸಿವಿಲ್ ಕೋರ್ಟು ಜಾರಿ ಮಾಡಿಕೊಡಲ್ಲ. ವಂಚನೆ, ನಕಲಿ ದಾಖಲೆ ಅಂತ ಪೊಲೀಸ್ ದೂರು ಕೊಡಬಹುದು. ಆ ಪತ್ರದ ಮೂಲ ಪ್ರತಿ, ಅದು ಬಂದ ಲಕೋಟೆ, ಎರಡೂ ಜೋಪಾನ ಮಾಡಿ.

ಬಹಳ ಕಡೆ ಬಾಂಡಲ್ಲಿ ಕೆಲಸದ ಮಾತೇ ಇರಲ್ಲ, ಕೈಸಾಲ ಅಂತ ಬರೆಸಿರ್ತಾರೆ. ಅದೂ ಅಭ್ಯರ್ಥಿ ಕಡೆಯವರೇ ಸಾಲ ತಗೊಂಡ ಹಾಗೆ. ಅರಕಲಗೂಡಿನವರ ಖಾಲಿ ಚೆಕ್ಕಿನ ಅಪಾಯವೂ ಇದೇ. ತಂಗಿ ತಾನೇ ಪಾಸಾಗಿ 7 ಲಕ್ಷ ಕೊಡಲ್ಲ ಅಂದ್ರೆ ಆತ ಚೆಕ್ಕಲ್ಲಿ ಮೊತ್ತ ತುಂಬಿ ಬ್ಯಾಂಕಿಗೆ ಹಾಕ್ತಾನೆ. ಸಹಿ ನಿಮ್ಮಪ್ಪಂದು. ಸಾಲವೇ ಇರಲಿಲ್ಲ ಅಂತ ತೋರಿಸೋ ಹೊಣೆಯೂ ಅವರದ್ದೇ ಆಗುತ್ತೆ. ಬ್ಯಾಂಕಿಗೆ ಈಗಲೇ ಚೆಕ್ ಸಂಖ್ಯೆ ಹಾಕಿ, ಕಾರಣ ಬರೆದು, ಪಾವತಿ ತಡೆಯಿರಿ ಅಂತ ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ. ತಡೆದ ಮಾತ್ರಕ್ಕೆ ಚೆಕ್ ಬೌನ್ಸ್ ಕೇಸ್ ಬರಲ್ಲ ಅಂತ ಹೇಳಲಾರೆ. ಆದ್ರೆ ಆತ ಚೆಕ್ ಹಾಕೋದಕ್ಕಿಂತ ಮೊದಲೇ ನೀವು ಬರೆದುಕೊಟ್ಟ ಪತ್ರ ಆಮೇಲೆ ಬಹಳ ಕೆಲಸಕ್ಕೆ ಬರುತ್ತೆ. ನೋಟಿಸ್ ಬಂದ್ರೆ ಸುಮ್ಮನಿರಬೇಡಿ, ಹದಿನೈದು ದಿನದೊಳಗೆ ಉತ್ತರ ಹೋಗಬೇಕು.

ಓದುತ್ತಿರುವವಳು, ಹಾಸನ

ಅರಕಲಗೂಡಿನ ಅಣ್ಣ, ಕೋಪ ಮಾಡ್ಕೋಬೇಡಿ, ಹೇಳಲೇಬೇಕು. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಬರೆದ 54 ಸಾವಿರ ಜನರಲ್ಲಿ ನಾನೂ ಒಬ್ಬಳು. 21 ಪ್ರಶ್ನೆಗೆ ಉತ್ತರಿಸಿದವನಿಗೆ 121 ಅಂಕ ಬಂದದ್ದು ಹೊರಗೆ ಬಂತು. ಖಾಲಿ ಬಿಟ್ಟ ಓಎಂಆರ್ ಹಾಳೆ ಆಮೇಲೆ ತುಂಬಿದ್ರು. ಇಡೀ ಪರೀಕ್ಷೆ ರದ್ದಾಗಿ, ಮತ್ತೆ ಬರೆದದ್ದು 2024ರ ಜನವರಿಯಲ್ಲಿ. ಎರಡು ವರ್ಷದ ಮೇಲೆ ಮೂರು ತಿಂಗಳು ನಾನು ಮನೆಯವರ ಮುಖ ನೋಡಕ್ಕಾಗದೆ ಕೂತಿದ್ದೆ. ಅವರು ನಿಜವಾಗ್ಲೂ ಮಾಡಿಸಿಕೊಟ್ರೆ ಅದು ನನ್ನಂಥವಳ ಸೀಟು.

ಕೇಳಿದವರು

ಬೇಜಾರಾಯ್ತಮ್ಮ, ಹಂಗೆ ಯೋಚನೆ ಮಾಡಿರಲಿಲ್ಲ. ಮೇಡಂ, ಹೌದು, ತಂಗಿ ಅಂಕ ಎಷ್ಟು ಬರ್ತಾವೆ ಅಂತ ಅವರು ಮೊದಲೇ ಕೇಳಿದ್ರು. ಕೆಲಸ ಆದ್ಮೇಲೆ ಕೊಡ್ತೀನಿ, ಚೆಕ್ ವಾಪಸ್ ಕೊಡಿ ಅಂದ್ರೆ?

ವಕೀಲೆ, ಹಾಸನ

ಆಗಲೂ ಅದೇ ಆಟ. ಅವಳು ಓದಿ ಗೆದ್ದದ್ದಕ್ಕೆ 9 ಲಕ್ಷ ತೆರ್ತೀರಿ. ಜೊತೆಗೆ ಅಂಥ ಮಾತುಕತೆಯೇ ಅಪರಾಧ. ಪರೀಕ್ಷಾ ಅಕ್ರಮ ತಡೆಗೆ 2023ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆಯಲ್ಲಿ ಸಂಚು ಮಾಡಿದವರಿಗೆ 12 ವರ್ಷದವರೆಗೆ ಜೈಲು, 10 ಕೋಟಿವರೆಗೆ ದಂಡ ಇದೆ. ಅಭ್ಯರ್ಥಿಗೂ ವಿನಾಯಿತಿ ಇಲ್ಲ. ಪಿಎಸ್‌ಐ ಹಗರಣದಲ್ಲಿ ದುಡ್ಡು ಕೊಟ್ಟ ಅಭ್ಯರ್ಥಿಗಳೂ ಜೈಲಿಗೆ ಹೋದ್ರು.

ಕೇಳಿದವರು, ಸೋಮವಾರ ರಾತ್ರಿ

ದುಡ್ಡು ಕೊಡಲಿಲ್ಲ. ಬ್ಯಾಂಕಿಗೆ ಪತ್ರ ಕೊಟ್ಟು ಮೊಹರು ಹಾಕಿಸಿಕೊಂಡೆ. 1930ಕ್ಕೂ ಹೇಳಿದೆ, ದೂರಿನ ಸಂಖ್ಯೆ ಬಂತು. ಅವರ ಮನೆಗೆ ಹೋದೆ. ಒಂದು ಚೆಕ್ಕು, ಮಾರ್ಕ್ಸ್ ಕಾರ್ಡು ಕೊಟ್ರು. ಇನ್ನೊಂದು ಚೆಕ್ಕು ಬೆಂಗಳೂರಿನವರ ಹತ್ರ ಇದೆ, 10 ಸಾವಿರ ಖರ್ಚಾಗಿದೆ, ಅದು ಕೊಟ್ರೆ ತರಿಸ್ತೀನಿ ಅಂದ್ರು. ಪೊಲೀಸ್ ದೂರು ಕೊಟ್ರೆ ನಮ್ಮ ಮೇಲೇ ತಿರುಗಲ್ವಾ ಮೇಡಂ?

ವಕೀಲೆ, ಹಾಸನ

ತಿರುಗಲ್ಲ ಅಂತ ಮಾತು ಕೊಡಲಾರೆ. ಸಾಕ್ಷಿ ಆಗ್ತೀರೋ ಇನ್ನೇನೋ ಅನ್ನೋದು ತನಿಖಾಧಿಕಾರಿ ನೋಡೋದು. ಮುಂಗಡ ಕೊಟ್ಟಿಲ್ಲ, ಪರೀಕ್ಷೆಗೆ ಮೊದಲೇ ನೀವಾಗೇ ಬಂದಿದ್ದೀರಿ, ಇವೆರಡೂ ನಿಮ್ಮ ಪರ ಇವೆ. 10 ಸಾವಿರ ಕೊಡಬೇಡಿ, ಕೇಳಿದ್ದನ್ನ ಮೆಸೇಜಲ್ಲಿ ಬರಲಿ ಹಾಗೆ ನೋಡಿಕೊಳ್ಳಿ. ಒಂದು ಮಾತು ಕೇಳ್ಬೇಕು, ತಂಗಿಗೆ ಇದೆಲ್ಲ ಗೊತ್ತಿತ್ತಾ?

ಕೇಳಿದವರು

ಇಲ್ಲ. ಮಾರ್ಕ್ಸ್ ಕಾರ್ಡು ಅಪ್ಪ ಬೀರುವಿಂದ ತೆಗೆದುಕೊಟ್ಟದ್ದು. ನೋಂದಣಿ ನಾನು ಮಾಡಿದ್ದು, ಓಟಿಪಿಯೂ ನನ್ನ ಫೋನಿಗೇ ಬಂತು. ಅವಳು ಇವತ್ತೂ ಲೈಬ್ರರಿಗೆ ಹೋಗಿ ಎಂಟು ಗಂಟೆಗೆ ಬಂದ್ಳು.

ವಕೀಲೆ, ಹಾಸನ

ದೂರಿನಲ್ಲಿ ಇದನ್ನೇ ಮೊದಲ ಸಾಲಾಗಿ ಬರೆಯೋಣ. ಬುಧವಾರ ಹತ್ತೂವರೆಗೆ ಅಪ್ಪನನ್ನೂ ಕರೆದುಕೊಂಡು ಬನ್ನಿ. ಬ್ಯಾಂಕಿನ ಸ್ವೀಕೃತಿ, ಯುಪಿಐ ರಸೀದಿ ಎರಡೂ ತನ್ನಿ. ಬರೋದಕ್ಕಿಂತ ಮೊದಲು ತಂಗಿಗೆ ನೀವೇ ಹೇಳಿ, ಪೊಲೀಸರಿಂದ ಅವಳಿಗೆ ಗೊತ್ತಾಗೋದು ಬೇಡ.